ಚಳಿಗಾಲದ ಇಡ್ಲಿ ಹಿಟ್ಟು: ಮಧ್ಯಾಹ್ನವೇ ರುಬ್ಬಿ, ಬೆಚ್ಚಗೆ ಬೆರೆಸಿ

ಕೊಪ್ಪದ ಹತ್ತಿರದ ನಮ್ಮ ಅಜ್ಜಿ ಮನೆಯಲ್ಲಿ ಮಳೆಗಾಲ ಶುರುವಾದರೆ ಇಡ್ಲಿ ಹಿಟ್ಟಿನ ಪಾತ್ರೆ ಅಡುಗೆಮನೆ ಬಿಟ್ಟು ಬಚ್ಚಲಿಗೆ ಹೋಗುತ್ತಿತ್ತು. ಹಂಡೆ ಒಲೆಯ ಪಕ್ಕದಲ್ಲಿ ಒಂದು ಗೂಡಿತ್ತು. ಸಂಜೆ ಸ್ನಾನದ ನೀರು ಕಾಯಿಸಿದ ಕೆಂಡ ಬೂದಿಯೊಳಗೆ ಬೆಳಗಿನವರೆಗೂ ಕಾವು ಇಟ್ಟುಕೊಂಡಿರುತ್ತಿತ್ತು. ಆ ಗೂಡಿನಲ್ಲಿ ಇಟ್ಟ ಹಿಟ್ಟು ಬೆಳಿಗ್ಗೆ ಮುಚ್ಚಳ ಎತ್ತುವಷ್ಟು ಉಬ್ಬಿರುತ್ತಿತ್ತು. ಬೆಂಗಳೂರಿಗೆ ಬಂದ ಮೇಲೆ ಬಚ್ಚಲ ಒಲೆಯೂ ಇಲ್ಲ, ಗೂಡೂ ಇಲ್ಲ. ಡಿಸೆಂಬರ್ ಬಂದರೆ ಹಿಟ್ಟು ರಾತ್ರಿ ಹೇಗೆ ಮುಚ್ಚಿಟ್ಟಿದ್ದೆವೋ ಬೆಳಿಗ್ಗೆಯೂ ಹಾಗೇ ಕೂತಿರುತ್ತಿತ್ತು.

ಕೊನೆಗೆ ನಾನು ಮಾಡಿದ್ದು ಇಷ್ಟೇ. ಅಡುಗೆಗೆ ಬಳಸುವ ಒಂದು ಥರ್ಮಾಮೀಟರ್ ತಂದು ಹಿಟ್ಟಿನೊಳಗೆ ಅದ್ದಿ ನೋಡಿದೆ. ರಾತ್ರಿ ಒಂಬತ್ತೂವರೆಗೆ ರುಬ್ಬಿ ಬೆರೆಸಿದ ಹಿಟ್ಟು 22 ಡಿಗ್ರಿ ಇತ್ತು. ಬೆಳಿಗ್ಗೆ ಆರಕ್ಕೆ 19. ಏಪ್ರಿಲ್‌ನಲ್ಲಿ ಅದೇ ಪಾತ್ರೆ, ಅದೇ ಜಾಗ, ಅದೇ ಅಳತೆ. ಆಗ ರಾತ್ರಿ 29, ಬೆಳಿಗ್ಗೆಯೂ ಹೆಚ್ಚುಕಡಿಮೆ 28. ವ್ಯತ್ಯಾಸ ಬೇಳೆಯಲ್ಲೂ ಇರಲಿಲ್ಲ, ಕೈಗುಣದಲ್ಲೂ ಇರಲಿಲ್ಲ. ಹಿಟ್ಟಿನ ಒಳಗಿನ ಆ ಏಳರಿಂದ ಒಂಬತ್ತು ಡಿಗ್ರಿಯಲ್ಲಿತ್ತು.

ಹಿಟ್ಟಿನೊಳಗೆ ನಡೆಯುವುದೇನು

ಇಡ್ಲಿ ಹಿಟ್ಟನ್ನು ಉಬ್ಬಿಸುವುದು ಹೊರಗಿನಿಂದ ಹಾಕಿದ ಯಾವ ಪುಡಿಯೂ ಅಲ್ಲ. ಬೇಳೆಯ ಜೊತೆಗೇ ಬಂದಿರುವ ಬ್ಯಾಕ್ಟೀರಿಯಾ. ಅದರಲ್ಲಿ ಮುಖ್ಯವಾದದ್ದರ ಹೆಸರು ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್. ಇದು ಹಿಟ್ಟಿನಲ್ಲಿರುವ ಸಕ್ಕರೆಯನ್ನು ತಿಂದು ಹುಳಿಯನ್ನೂ ಬಿಡುತ್ತದೆ, ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಬಿಡುತ್ತದೆ. ಹಿಟ್ಟು ಉಬ್ಬುವುದು ಈ ಅನಿಲದಿಂದ. ಉಬ್ಬಿದ್ದು ಇಳಿಯದೆ ನಿಲ್ಲುವುದು ಉದ್ದಿನಿಂದ. ಉದ್ದಿನ ಬೇಳೆಯ ಲೋಳೆ ಮತ್ತು ಪ್ರೋಟೀನು ಸೇರಿ ಗುಳ್ಳೆಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಬರೀ ಅಕ್ಕಿ ಹಿಟ್ಟನ್ನು ಎಷ್ಟು ಹೊತ್ತು ಇಟ್ಟರೂ ಇಡ್ಲಿಯಷ್ಟು ಉಬ್ಬದಿರುವುದು ಅದಕ್ಕೇ.

ರುಬ್ಬಿದ ತಕ್ಷಣ ಈ ಬ್ಯಾಕ್ಟೀರಿಯಾ ಬಹಳ ಕಡಿಮೆ ಇರುತ್ತವೆ. ಮೊದಲ ಕೆಲವು ಗಂಟೆ ಅವು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತಾ ಹೋಗುತ್ತವೆ. ಆಗ ನಮ್ಮ ಕಣ್ಣಿಗೆ ಏನೂ ಕಾಣುವುದಿಲ್ಲ. ಸಾಕಷ್ಟು ಸಂಖ್ಯೆ ಆದಮೇಲೆ ಒಂದೆರಡು ಗಂಟೆಯಲ್ಲೇ ಹಿಟ್ಟು ದಿಢೀರನೆ ಏಳುತ್ತದೆ. ಸುಮಾರು 28ರಿಂದ 30 ಡಿಗ್ರಿಯಲ್ಲಿ ಇದೆಲ್ಲ ಎಂಟರಿಂದ ಹತ್ತು ಗಂಟೆಯಲ್ಲಿ ಮುಗಿಯುತ್ತದೆ. ಹತ್ತು ಡಿಗ್ರಿ ಕಡಿಮೆಯಾದರೆ ಅವುಗಳ ವೇಗ ಅರ್ಧಕ್ಕಿಂತಲೂ ಕೆಳಗೆ ಇಳಿಯುತ್ತದೆ. ಹಾಗಾಗಿ 19-20 ಡಿಗ್ರಿಯಲ್ಲಿ ಹದಿನೆಂಟರಿಂದ ಇಪ್ಪತ್ನಾಲ್ಕು ಗಂಟೆ ಬೇಕು.

ಇಲ್ಲಿ ಒಂದು ಸಮಾಧಾನದ ವಿಷಯ ಇದೆ. ಚಳಿಗೆ ಈ ಬ್ಯಾಕ್ಟೀರಿಯಾ ಸಾಯುವುದಿಲ್ಲ. ನಿಧಾನವಾಗುತ್ತವೆ ಅಷ್ಟೇ. ಬೆಳಿಗ್ಗೆ ಉಬ್ಬದೆ ಕೂತಿರುವ ಹಿಟ್ಟು ಕೆಟ್ಟ ಹಿಟ್ಟಲ್ಲ, ಇನ್ನೂ ಅರ್ಧ ದಾರಿಯಲ್ಲಿರುವ ಹಿಟ್ಟು. ಅದನ್ನು ಕೆಟ್ಟಿತು ಅಂತ ಚೆಲ್ಲುವವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮೊದಲು, ಚಳಿಯದೇ ತಪ್ಪಾ ಅಂತ ನೋಡಿ

ಬೆಳಿಗ್ಗೆ ಮುಚ್ಚಳ ತೆಗೆದಾಗ ಹಿಟ್ಟು ಏರಿಲ್ಲ ಅಂದುಕೊಳ್ಳಿ. ಮೂಗಿನಿಂದ ಶುರು ಮಾಡಿ. ಹಸಿ ಉದ್ದಿನ ವಾಸನೆಯೇ ಇದೆ, ಹುಳಿ ವಾಸನೆ ಇಲ್ಲ, ಸೌಟು ಹಾಕಿ ಎತ್ತಿದರೆ ಒಳಗೆ ಗುಳ್ಳೆಗಳೂ ಇಲ್ಲ. ಹಾಗಿದ್ದರೆ ಚಳಿಯೇ ಕಾರಣ. ಬ್ಯಾಕ್ಟೀರಿಯಾ ಇನ್ನೂ ಕೆಲಸ ಶುರು ಮಾಡಿಲ್ಲ.

ಹುಳಿ ವಾಸನೆ ಚೆನ್ನಾಗಿ ಬಂದಿದೆ, ಮೇಲೆ ಒಡೆದ ಗುಳ್ಳೆಗಳ ಗುರುತಿದೆ, ಆದರೆ ಹಿಟ್ಟು ಮಾತ್ರ ಮಟ್ಟ ಬಿಟ್ಟು ಏರಿಲ್ಲ. ಇದು ಬೇರೆ ತೊಂದರೆ. ಅನಿಲ ಬಂದಿದೆ, ಹಿಡಿದಿಟ್ಟುಕೊಳ್ಳುವ ಶಕ್ತಿ ಹಿಟ್ಟಿಗಿಲ್ಲ. ಉದ್ದಿನ ಬೇಳೆ ತೀರಾ ಹಳೆಯದಿರಬಹುದು, ಸರಿಯಾಗಿ ನೊರೆ ಬರುವವರೆಗೆ ರುಬ್ಬಿಲ್ಲದಿರಬಹುದು, ಅಥವಾ ನೀರು ಜಾಸ್ತಿ ಆಗಿರಬಹುದು. ಇಂಥ ಹಿಟ್ಟನ್ನು ಎಷ್ಟು ಬೆಚ್ಚಗಿಟ್ಟರೂ ಹುಳಿ ಹೆಚ್ಚುತ್ತದೆಯೇ ಹೊರತು ಇಡ್ಲಿ ಮೃದುವಾಗುವುದಿಲ್ಲ. ಇದಕ್ಕೆ ಮದ್ದು ಅಂಗಡಿಯಲ್ಲಿದೆ, ಹೊಸ ಬೇಳೆ ತರಬೇಕು.

ರುಬ್ಬುವಾಗಲೇ ಇದನ್ನು ಪರೀಕ್ಷೆ ಮಾಡಬಹುದು. ಒಂದು ಬಟ್ಟಲು ನೀರಿಗೆ ರುಬ್ಬಿದ ಉದ್ದಿನ ಹಿಟ್ಟಿನ ಒಂದು ತೊಟ್ಟು ಬಿಡಿ. ತೇಲಿದರೆ ಅದರೊಳಗೆ ಗಾಳಿ ಸೇರಿದೆ, ಗುಳ್ಳೆ ಹಿಡಿಯುವ ಶಕ್ತಿ ಇದೆ. ಮುಳುಗಿದರೆ ಇನ್ನೂ ಐದು ನಿಮಿಷ ರುಬ್ಬಿ.

ಮುಂದೆ ಬರೆದಿರುವುದೆಲ್ಲ ಮೊದಲನೇ ತೊಂದರೆಗೆ, ಅಂದರೆ ಚಳಿಗೆ.

ಗಡಿಯಾರ ಬದಲಿಸಿ

ಕಾಸು ಖರ್ಚಿಲ್ಲದ ದಾರಿ ಇದು, ಆದರೆ ಯಾಕೋ ಯಾರೂ ಮಾಡುವುದಿಲ್ಲ. ನಾವೆಲ್ಲ ರಾತ್ರಿ ಊಟದ ಹೊತ್ತಿಗೆ ರುಬ್ಬುತ್ತೇವೆ. ಬೇಸಿಗೆಯಲ್ಲಿ ಅದು ಸರಿ. ಚಳಿಗಾಲದಲ್ಲಿ ಹಾಗೆ ಮಾಡಿದರೆ, ಬ್ಯಾಕ್ಟೀರಿಯಾ ತೀರಾ ಕಡಿಮೆ ಇರುವ ಹೊತ್ತಿಗೇ ದಿನದ ಅತಿ ತಣ್ಣನೆಯ ಗಂಟೆಗಳು ಎದುರಾಗುತ್ತವೆ. ಬೆಂಗಳೂರಿನಲ್ಲಿ ಡಿಸೆಂಬರ್ ರಾತ್ರಿ ಹೊರಗೆ 16 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಆದರೆ ಅದೇ ದಿನ ಮಧ್ಯಾಹ್ನ 26-27 ಇರುತ್ತದೆ, ಅಲ್ವಾ? ಆ ಮಧ್ಯಾಹ್ನವನ್ನು ಹಿಟ್ಟಿಗೆ ಕೊಡಿ.

ಭಾನುವಾರ ಬೆಳಿಗ್ಗೆ ಇಡ್ಲಿ ಬೇಕಾದರೆ ಶನಿವಾರ ಬೆಳಿಗ್ಗೆ ಏಳೂವರೆಗೆ ನೆನೆಹಾಕಿ. ಮಧ್ಯಾಹ್ನ ಎರಡರ ಹೊತ್ತಿಗೆ ರುಬ್ಬಿ ಬೆರೆಸಿ ಮುಗಿಸಿ. ಸಂಜೆ ಚಳಿ ಶುರುವಾಗುವ ಹೊತ್ತಿಗೆ ಹಿಟ್ಟಿನೊಳಗೆ ಬ್ಯಾಕ್ಟೀರಿಯಾ ಆಗಲೇ ಬೇಕಾದಷ್ಟು ಬೆಳೆದಿರುತ್ತವೆ. ಅಲ್ಲಿಂದ ಮುಂದೆ ರಾತ್ರಿ ಸ್ವಲ್ಪ ತಣ್ಣಗಾದರೂ ಕೆಲಸ ನಿಲ್ಲುವುದಿಲ್ಲ.

ಒಂದು ಶನಿವಾರದ ಲೆಕ್ಕ

ನಮ್ಮ ಮನೆಯ ಅಳತೆ ಒಂದು ಲೋಟ ಉದ್ದಿನ ಬೇಳೆಗೆ ಎರಡು ಲೋಟ ಇಡ್ಲಿ ರವೆ. ತೂಕದಲ್ಲಿ ಹೇಳಿದರೆ ಸುಮಾರು 200 ಗ್ರಾಂ ಬೇಳೆ, 350 ಗ್ರಾಂ ರವೆ. ಜೊತೆಗೆ ಅರ್ಧ ಚಮಚ ಮೆಂತ್ಯ. ಅಕ್ಕಿಯನ್ನೇ ರುಬ್ಬಿ ಮಾಡುವವರಿಗೂ ಇದೇ ದಾರಿ ನಡೆಯುತ್ತದೆ. ಆದರೆ ಚಳಿಗಾಲಕ್ಕೆ ರವೆಯೇ ಅನುಕೂಲ ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಬೇಳೆ ಮತ್ತು ಮೆಂತ್ಯವನ್ನು ಎರಡು ಸಲ ತೊಳೆಯಿರಿ. ಬಿಳಿ ನೀರು ಪೂರ್ತಿ ಹೋಗುವವರೆಗೆ ಉಜ್ಜಿ ಉಜ್ಜಿ ತೊಳೆಯಬೇಕಿಲ್ಲ, ನಮಗೆ ಬೇಕಾದ ಬ್ಯಾಕ್ಟೀರಿಯಾ ಆ ಬೇಳೆಯ ಮೇಲೇ ಇವೆ. ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ. ಬೇಸಿಗೆಯಲ್ಲಿ ನಾಲ್ಕು ಗಂಟೆ ನೆನೆದರೆ ಸಾಕು. ಚಳಿಗೆ ಆರು ಗಂಟೆ ಕೊಡಿ. ನೆನೆಯುವಾಗಲೇ ಹುದುಗುವ ಕೆಲಸ ಸಣ್ಣಗೆ ಶುರುವಾಗಿರುತ್ತದೆ. ಅದಕ್ಕೇ ನೆನೆಸಿದ ನೀರನ್ನು ಚೆಲ್ಲದೆ ರುಬ್ಬುವುದಕ್ಕೆ ಅದನ್ನೇ ಬಳಸಿ.

ಉದ್ದನ್ನು ರುಬ್ಬುವಾಗ ಬಿಸಿ ನೀರು ಹಾಕಬೇಡಿ. ಹಿಟ್ಟು ಬೆಚ್ಚಗಿರಬೇಕು ಅಂತ ಇಷ್ಟು ಹೊತ್ತು ಹೇಳಿ ಈಗ ಹೀಗನ್ನುತ್ತಿದ್ದೇನಲ್ಲ ಅನ್ನಿಸಬಹುದು. ಮಿಕ್ಸಿಯಲ್ಲಿ ಬ್ಲೇಡು ಓಡುವಾಗ ಹಿಟ್ಟು ತಾನಾಗಿಯೇ ಬಿಸಿಯಾಗುತ್ತದೆ. ಅದಕ್ಕೆ ಬಿಸಿ ನೀರೂ ಸೇರಿದರೆ ನೊರೆ ಸರಿಯಾಗಿ ಏಳುವುದಿಲ್ಲ. ಉದ್ದು ತಣ್ಣಗೇ ನುಣ್ಣಗಾಗಲಿ. ಬೆಚ್ಚಗೆ ಮಾಡುವ ಕೆಲಸವನ್ನು ರವೆಗೆ ಬಿಡೋಣ. ಗ್ರೈಂಡರ್‌ನಲ್ಲಾದರೆ ಇಪ್ಪತ್ತೈದು ಮೂವತ್ತು ನಿಮಿಷ ಬೇಕು. ನೀರನ್ನು ಸ್ವಲ್ಪಸ್ವಲ್ಪವಾಗಿ, ಒಟ್ಟು ಒಂದು ಲೋಟದಷ್ಟು ಹಾಕಿ.

ಉದ್ದು ರುಬ್ಬಲು ಶುರು ಮಾಡುವಾಗಲೇ ರವೆಯನ್ನು ತೊಳೆದು, ಕೈ ಅದ್ದಿದರೆ ಚೆನ್ನಾಗಿ ಬಿಸಿ ಅನ್ನಿಸುವ ಆದರೆ ಕೈ ಇಟ್ಟುಕೊಳ್ಳಲು ಆಗುವ ನೀರಿನಲ್ಲಿ ನೆನೆಯಲು ಬಿಡಿ. ಥರ್ಮಾಮೀಟರ್ ಇದ್ದರೆ 45 ಡಿಗ್ರಿ. ಕುದಿಯುವ ನೀರು ಖಂಡಿತ ಬೇಡ. ಅದರಲ್ಲಿ ರವೆ ಅರೆಬೆಂದು ಗಂಟುಗಂಟಾಗುತ್ತದೆ. ಅರ್ಧ ಗಂಟೆ ಬಿಟ್ಟು ರವೆಯನ್ನು ಹಿಡಿಹಿಡಿಯಾಗಿ ಹಿಂಡಿ ಉದ್ದಿನ ಹಿಟ್ಟಿಗೆ ಹಾಕಿ.

ಈಗ ಲೆಕ್ಕ ನೋಡಿ. ಆ ಶನಿವಾರ ನನ್ನ ಉದ್ದಿನ ಹಿಟ್ಟು ಹೆಚ್ಚುಕಡಿಮೆ 680 ಗ್ರಾಂ, 22 ಡಿಗ್ರಿ ಇತ್ತು. ಹಿಂಡಿದ ರವೆ 600 ಗ್ರಾಂ, 38 ಡಿಗ್ರಿ. ಎರಡೂ ಬೆರೆತಾಗ 29ರಿಂದ 30 ಡಿಗ್ರಿ ಬಂತು. ಅಂದರೆ ಡಿಸೆಂಬರ್‌ನಲ್ಲಿ ಏಪ್ರಿಲ್‌ನ ಹಿಟ್ಟು ಸಿಕ್ಕಿತು. ಥರ್ಮಾಮೀಟರ್ ಇಲ್ಲದವರು ಬೆರಳು ಅದ್ದಿ ನೋಡಿ. ನಮ್ಮ ಬೆರಳಿನ ಚರ್ಮ ಮೂವತ್ತು ಚಿಲ್ಲರೆ ಡಿಗ್ರಿ ಇರುತ್ತದೆ. ಹಿಟ್ಟು ತಣ್ಣಗೂ ಅನ್ನಿಸಬಾರದು, ಬಿಸಿಯೂ ಅನ್ನಿಸಬಾರದು. ಆ ಹದ ಸರಿ. ಆದರೆ ತಣ್ಣೀರಲ್ಲಿ ಪಾತ್ರೆ ತೊಳೆದು ಬಂದ ಕೈಯಲ್ಲಿ ಈ ಪರೀಕ್ಷೆ ಮಾಡಬೇಡಿ, ಮೋಸ ಹೋಗುತ್ತೀರಿ.

ಕೈಯಲ್ಲೇ ಬೆರೆಸುವುದು ಒಳ್ಳೆಯದು. ಕೈಯಿಂದ ಹಿಟ್ಟಿಗೆ ಹುದುಗು ಬರುತ್ತದೆ ಅನ್ನುವ ಕಾರಣಕ್ಕಲ್ಲ, ಅದು ಬೇಳೆಯಿಂದಲೇ ಬಂದಿರುತ್ತದೆ. ಕೈಯಲ್ಲಾದರೆ ರವೆಯ ಗಂಟು ಸಿಗುತ್ತದೆ, ಉದ್ದಿನ ನೊರೆ ಒಡೆಯದೆ ಬೆರೆಯುತ್ತದೆ. ಹಿಟ್ಟು ಸೌಟಿನಿಂದ ಬಿಟ್ಟರೆ ಸುರಿಯಬಾರದು, ಮುದ್ದೆಮುದ್ದೆಯಾಗಿ ಬೀಳಬೇಕು.

ಉಪ್ಪಿನ ಬಗ್ಗೆ ಮನೆಮನೆಗೂ ಒಂದೊಂದು ಮಾತಿದೆ. ಇಷ್ಟು ಹಿಟ್ಟಿಗೆ ಎರಡು ಸಣ್ಣ ಚಮಚ, ಅಂದರೆ ಹತ್ತು ಹನ್ನೆರಡು ಗ್ರಾಂ ಉಪ್ಪು ಹಾಕಿದರೆ ಅದು ತೂಕದ ನೂರಕ್ಕೆ ಒಂದರಷ್ಟು. ಲ್ಯೂಕೊನೊಸ್ಟಾಕ್ ಅದನ್ನು ಸುಲಭವಾಗಿ ತಡೆದುಕೊಳ್ಳುತ್ತದೆ. ಅದಕ್ಕಿಂತ ಜಾಸ್ತಿ ಆದರೆ ಕೆಲಸ ನಿಧಾನವಾಗುತ್ತದೆ. ಬೆಳಿಗ್ಗೆ ಉಪ್ಪು ಹಾಕಿ ಕಲಕುವುದಕ್ಕಿಂತ ಆಗಲೇ ಹಾಕಿಬಿಡುವುದು ನನಗಿಷ್ಟ. ಉಬ್ಬಿದ ಹಿಟ್ಟನ್ನು ಕಲಕಿದಷ್ಟೂ ಅನಿಲ ಹೊರಗೆ ಹೋಗುತ್ತದೆ.

ಕಾವು ಉಳಿಸುವುದು

ಬೆಚ್ಚಗೆ ಬೆರೆಸಿ ಸುಮ್ನೆ ಕಟ್ಟೆಯ ಮೇಲೆ ಇಟ್ಟರೆ ಪ್ರಯೋಜನ ಅರ್ಧ ಮಾತ್ರ. ಸ್ಟೀಲ್ ಪಾತ್ರೆ, ಕೆಳಗೆ ಕಡಪಾ ಅಥವಾ ಗ್ರಾನೈಟ್ ಕಲ್ಲು. ಎರಡೂ ಹಿಟ್ಟಿನ ಕಾವನ್ನು ಬೇಗ ಎಳೆದುಕೊಳ್ಳುತ್ತವೆ. ಪಾತ್ರೆಯ ಕೆಳಗೆ ಮಡಚಿದ ಗೋಣಿಚೀಲ ಅಥವಾ ದಪ್ಪ ಟವೆಲ್ ಹಾಕಿ. ಸುತ್ತ ಹಳೆಯ ಕಂಬಳಿಯೋ ಶಾಲೋ ಸುತ್ತಿ, ಮುಚ್ಚಳದ ಮೇಲೂ ಹೊದಿಸಿ. ಪಾತ್ರೆಯಲ್ಲಿ ಹಿಟ್ಟು ಅರ್ಧಕ್ಕಿಂತ ಜಾಸ್ತಿ ಇರಬಾರದು.

ಮಧ್ಯಾಹ್ನ ಎರಡೂವರೆಗೆ ಹೀಗೆ ಸುತ್ತಿಟ್ಟ ಹಿಟ್ಟು ಸಂಜೆ ಆರೂವರೆಗೆ 27 ಡಿಗ್ರಿ ಇತ್ತು, ಅಂಚಿನಲ್ಲಿ ಸಣ್ಣ ಗುಳ್ಳೆಗಳಿದ್ದವು. ರಾತ್ರಿ ಹತ್ತೂವರೆಗೆ ಕಾಲುಭಾಗ ಏರಿತ್ತು. ಬೆಳಿಗ್ಗೆ ಐದೂವರೆಗೆ ಹೆಚ್ಚುಕಡಿಮೆ ಎರಡರಷ್ಟಾಗಿತ್ತು. ಪಾತ್ರೆಯ ಹೊರಗೆ ಹಿಟ್ಟಿನ ಮಟ್ಟಕ್ಕೆ ಒಂದು ಗೀಟು ಹಾಕಿ ಇಟ್ಟರೆ ಏರಿದ್ದು ಎಷ್ಟು ಅಂತ ಊಹೆ ಮಾಡಬೇಕಾಗುವುದಿಲ್ಲ.

ಮಧ್ಯಾಹ್ನ ಮನೆಯಲ್ಲಿರದವರು, ರಾತ್ರಿಯೇ ರುಬ್ಬಬೇಕಾದವರು ಹೊರಗಿನಿಂದ ಸ್ವಲ್ಪ ಕಾವು ಕೊಡಲೇಬೇಕು. ಮಡಿಕೇರಿ, ಚಿಕ್ಕಮಗಳೂರಿನವರಿಗೆ, ಜನವರಿಯ ಬೀದರ್, ವಿಜಯಪುರದವರಿಗೂ ಬರೀ ಕಂಬಳಿ ಸಾಲುವುದಿಲ್ಲ. ನಾನು ಬಳಸುವುದು ಥರ್ಮೋಕೋಲ್ ಡಬ್ಬಿ. ಹಿಟ್ಟಿನ ಪಾತ್ರೆಯನ್ನು ಅದರೊಳಗಿಟ್ಟು, ಪಕ್ಕದಲ್ಲಿ ಒಂದು ಲೀಟರಿನ ಸ್ಟೀಲ್ ಬಾಟಲಿಗೆ ಸ್ನಾನದ ನೀರಿಗಿಂತ ತುಸು ಬಿಸಿಯಾದ ನೀರು ತುಂಬಿ, ಟವೆಲ್ ಸುತ್ತಿ ಇಡಿ. ಬಾಟಲಿ ಪಾತ್ರೆಗೆ ತಾಗಬಾರದು. ಮಲಗುವ ಮುಂಚೆ ಒಮ್ಮೆ ನೀರು ಬದಲಿಸಿ. ರಾತ್ರಿ ಎಂಟಕ್ಕೆ ಬೆಚ್ಚಗೆ ಬೆರೆಸಿಟ್ಟ ಹಿಟ್ಟು ಹೀಗಿಟ್ಟರೆ ಬೆಳಿಗ್ಗೆ ಆರರ ಹೊತ್ತಿಗೆ ಸಿದ್ಧವಾಗಿರುತ್ತದೆ. ಥರ್ಮೋಕೋಲ್ ಡಬ್ಬಿ ಇಲ್ಲದಿದ್ದರೆ ಮುಚ್ಚಳವಿರುವ ದೊಡ್ಡ ಕುಕ್ಕರ್ ಆದೀತು. ತಳದಲ್ಲಿ ಎರಡು ಬೆರಳು ಬೆಚ್ಚನೆಯ ನೀರು, ಅದರಲ್ಲೊಂದು ಸ್ಟ್ಯಾಂಡು, ಮೇಲೆ ಹಿಟ್ಟಿನ ಪಾತ್ರೆ, ಹೊರಗೆ ಕಂಬಳಿ.

ಚಳಿ ದೇಶಗಳಲ್ಲಿರುವ ನಮ್ಮವರು ಓವನ್‌ನ ದೀಪ ಹಾಕಿ ಒಳಗೆ ಹಿಟ್ಟಿಡುತ್ತಾರೆ. ಒಳ್ಳೆಯ ಉಪಾಯವೇ. ಆದರೆ ಒಂದೊಂದು ಓವನ್ ಒಂದೊಂದು ಥರ. ಕೆಲವು 30ಕ್ಕೆ ನಿಲ್ಲುತ್ತವೆ, ಕೆಲವು ದೀಪ ಒಂದರಿಂದಲೇ 40 ದಾಟುತ್ತವೆ. ಮೊದಲ ಸಲ ಹಿಟ್ಟಿಡುವ ಮುಂಚೆ ಒಂದು ಪಾತ್ರೆ ನೀರಿಟ್ಟು, ನಾಲ್ಕೈದು ಗಂಟೆ ಬಿಟ್ಟು ಅದು ಎಷ್ಟು ಬಿಸಿಯಾಗಿದೆ ಅಂತ ನೋಡಿ. ಜಾಸ್ತಿಯಾದರೆ ಬಾಗಿಲಿಗೆ ಒಂದು ಮರದ ಸೌಟು ಸಿಕ್ಕಿಸಿ ಸ್ವಲ್ಪ ತೆರೆದಿಡಿ.

ಬಿಸಿ ಜಾಸ್ತಿ ಆದರೆ

ಬೆಚ್ಚಗಿದ್ದಷ್ಟೂ ಒಳ್ಳೆಯದು ಅಂತ ತಿಳಿಯಬೇಡಿ. ಹಿಟ್ಟು 38-40 ದಾಟಿದರೆ ಅನಿಲ ಕೊಡುವ ಲ್ಯೂಕೊನೊಸ್ಟಾಕ್ ಹಿಂದೆ ಬೀಳುತ್ತದೆ. ಹುಳಿಯನ್ನಷ್ಟೇ ಮಾಡುವ ಬೇರೆ ಬ್ಯಾಕ್ಟೀರಿಯಾ ಮುಂದೆ ಬರುತ್ತವೆ. ಆಗ ಹಿಟ್ಟು ಹುಳಿಯಾಗುತ್ತದೆ, ಉಬ್ಬುವುದಿಲ್ಲ. ಮೊಸರು ಮಾಡುವ ಯಂತ್ರದಲ್ಲಿ ಇಡ್ಲಿ ಹಿಟ್ಟು ಇಟ್ಟು ನಿರಾಶೆಯಾದವರಿಗೆ ಆಗಿರುವುದು ಇದೇ. ಆ ಯಂತ್ರಗಳು ಸಾಮಾನ್ಯವಾಗಿ 40ರಿಂದ 43 ಡಿಗ್ರಿ ಇಟ್ಟುಕೊಳ್ಳುತ್ತವೆ. ಮೊಸರಿಗೆ ಅದು ಬೇಕು, ಇಡ್ಲಿಗೆ ಅದು ಜಾಸ್ತಿ.

ಚಳಿಗೆ ಹಿಟ್ಟಿಗೆ ಮೊಸರು ಹಾಕಿ ಅನ್ನುವ ಸಲಹೆಯೂ ಇದೇ ಕಾರಣಕ್ಕೆ ನನಗೆ ಒಪ್ಪಿಗೆಯಿಲ್ಲ. ಮೊಸರಿನ ಬ್ಯಾಕ್ಟೀರಿಯಾ ಬಹುಪಾಲು ಹುಳಿ ಮಾಡುತ್ತವೆ, ಅನಿಲ ಮಾಡುವುದಿಲ್ಲ. ನಿಜವಾಗಿ ಕೆಲಸ ಮಾಡುವುದು ಹಿಂದಿನ ಸಲದ ಹಿಟ್ಟು. ಚೆನ್ನಾಗಿ ಉಬ್ಬಿದ ಹಿಟ್ಟಿನಲ್ಲಿ ಒಂದು ಸೌಟು ತೆಗೆದು ಫ್ರಿಜ್ಜಿನಲ್ಲಿಟ್ಟು, ಎರಡು ಮೂರು ದಿನದೊಳಗೆ ಹೊಸ ಹಿಟ್ಟಿಗೆ ಸೇರಿಸಿ. ಬ್ಯಾಕ್ಟೀರಿಯಾ ಸೊನ್ನೆಯಿಂದ ಶುರು ಮಾಡಬೇಕಾಗುವುದಿಲ್ಲ. ಕಣ್ಣಿಗೆ ಕಾಣದೆ ಕಳೆಯುವ ಆ ಮೊದಲ ಗಂಟೆಗಳು ಉಳಿಯುತ್ತವೆ. ವಾರ ಕಳೆದು ಮೂಗಿಗೆ ಹೊಡೆಯುವಷ್ಟು ಹುಳಿಯಾದದ್ದು ಬೇಡ. ಅದರಲ್ಲಿ ಉಳಿದಿರುವುದು ಹುಳಿಯನ್ನು ತಡೆದುಕೊಳ್ಳುವ ಬ್ಯಾಕ್ಟೀರಿಯಾ, ನಮಗೆ ಬೇಕಾದವು ಆಗಲೇ ಕಡಿಮೆಯಾಗಿರುತ್ತವೆ.

ಇಷ್ಟಾದರೂ ಬೆಳಿಗ್ಗೆ ಉಬ್ಬಿಲ್ಲ ಅಂದರೆ

ಸೋಡಾ ಡಬ್ಬಿಗೆ ಕೈ ಹಾಕುವ ಮೊದಲು ಸ್ವಲ್ಪ ತಾಳಿ. ಸೋಡಾದಿಂದ ಚೆನ್ನಾಗಿ ಗುಳ್ಳೆ ಬರಬೇಕಾದರೆ ಹಿಟ್ಟಿನಲ್ಲಿ ಹುಳಿ ಇರಬೇಕು. ಹುದುಗದ ಹಿಟ್ಟಿನಲ್ಲಿ ಹುಳಿ ಇರುವುದಿಲ್ಲ. ಹಾಗಾಗಿ ಸೋಡಾದ ವಾಸನೆ, ಹಳದಿ ಬಣ್ಣ ಮಾತ್ರ ಇಡ್ಲಿಗೆ ಬರುತ್ತದೆ.

ಅದರ ಬದಲು ದೊಡ್ಡ ಬೋಗುಣಿಯಲ್ಲಿ 40 ಡಿಗ್ರಿಯ ನೀರು ತೆಗೆದುಕೊಂಡು ಹಿಟ್ಟಿನ ಪಾತ್ರೆಯನ್ನು ಅದರಲ್ಲಿ ಕೂರಿಸಿ. ಹೊರಗಿನ ನೀರು ಹಿಟ್ಟಿನ ಮಟ್ಟದವರೆಗೆ ಬರಲಿ. ದಪ್ಪ ಹಿಟ್ಟಿನೊಳಗೆ ಕಾವು ತಾನಾಗಿ ಹರಡುವುದಿಲ್ಲ. ಅಂಚು ಬೆಚ್ಚಗಾದರೂ ನಡು ತಣ್ಣಗೇ ಇರುತ್ತದೆ. ಅದಕ್ಕೆ ಮೊದಲ ಅರ್ಧ ಗಂಟೆಯಲ್ಲಿ ಎರಡು ಮೂರು ಸಲ ಅಂಚಿನಿಂದ ನಡುವಿಗೆ ಮೆಲ್ಲಗೆ ತಿರುವಿ. ಹಿಟ್ಟು 30ಕ್ಕೆ ಬಂದಮೇಲೆ ಮುಟ್ಟಬೇಡಿ. ರಾತ್ರಿಯಿಡೀ ನಿಧಾನವಾಗಿಯಾದರೂ ಬೆಳೆದ ಬ್ಯಾಕ್ಟೀರಿಯಾ ಅಲ್ಲಿ ಇರುವುದರಿಂದ ಸಾಮಾನ್ಯವಾಗಿ ಮೂರು ನಾಲ್ಕು ಗಂಟೆ ಸಾಕು. ನೀರು ತಣ್ಣಗಾದಾಗ ಬದಲಿಸಿ. ಬೆಳಗಿನ ತಿಂಡಿಗೆ ಆಗದಿದ್ದರೂ ಮಧ್ಯಾಹ್ನಕ್ಕೆ ಇಡ್ಲಿ ಸಿಗುತ್ತದೆ.

ಅಷ್ಟು ಕಾಯಲು ಆಗದೆ ಮಕ್ಕಳು ತಟ್ಟೆ ಹಿಡಿದು ಕೂತಿದ್ದರೆ ಬೇಕಾದಷ್ಟು ಹಿಟ್ಟು ತೆಗೆದು, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಹೆಚ್ಚಿ ಹಾಕಿ ಪಡ್ಡು ಮಾಡಿ. ಪಡ್ಡಿಗೆ ಅಷ್ಟೊಂದು ಉಬ್ಬಿರಬೇಕಾಗಿಲ್ಲ. ಉಳಿದ ಹಿಟ್ಟು ಬೆಚ್ಚನೆಯ ನೀರಿನಲ್ಲಿ ಕೂತಿರಲಿ. ಗೀಟಿನ ಮಟ್ಟದ ಒಂದೂಮುಕ್ಕಾಲು ಪಟ್ಟಿನಷ್ಟಕ್ಕಾದರೂ ಏರಿ, ಸೌಟಿನಲ್ಲಿ ಎತ್ತಿದಾಗ ಒಳಗೆಲ್ಲ ಜೇನುಗೂಡಿನಂಥ ತೂತು ಕಂಡಾಗ ಒಲೆಯ ಮೇಲೆ ಇಡ್ಲಿ ಪಾತ್ರೆಗೆ ನೀರಿಡಿ. ಹಿಟ್ಟನ್ನು ಕಲಕದೆ ಒಂದು ಕಡೆಯಿಂದ ಸೌಟಿನಲ್ಲಿ ತೆಗೆಯುತ್ತಾ ತಟ್ಟೆಗೆ ಹಾಕಿ, ಹತ್ತು ಹನ್ನೆರಡು ನಿಮಿಷ ಬೇಯಿಸಿ.